ಏಳು ವರ್ಷದೊಳಗಿನ ಸಾವು, ಆರು ವರ್ಷದ ಕೇಸು

ಅಕ್ಕನ ಮಗಳು ತೀರಿಕೊಂಡಿದ್ದು 2018ರ ನವೆಂಬರ್ 20ರಂದು, ಗಂಡನ ಮನೆಯಲ್ಲಿ, ನೇಣಿನಿಂದ. ಸೆಷನ್ಸ್ ಕೋರ್ಟಿನ ತೀರ್ಪು ಬಂದಿದ್ದು 2025ರ ಮಾರ್ಚ್‌ನಲ್ಲಿ. ನಡುವಿನ ಆರು ವರ್ಷ ಫೈಲು ಹಿಡಿದುಕೊಂಡು ಓಡಾಡಿದ್ದು ಸೋದರಮಾವನಾದ ನಾನು. ಕೇಸು ಎಲ್ಲಿ ಗಟ್ಟಿಯಾಗಿ ನಿಂತಿತು, ಎಲ್ಲಿ ಜಾರಿತು ಅನ್ನುವುದಷ್ಟನ್ನೇ ಇಲ್ಲಿ ಬರೆಯುತ್ತೇನೆ. ನಮ್ಮ ಹಿಂದೆ ಇದೇ ದಾರಿ ಹಿಡಿಯಬೇಕಾದ ಮನೆಗಳಿಗೆ ಬೇಕಾಗುವುದು ಅದೇ.

ಮೊದಲ ದಿನವೇ ಆಸ್ಪತ್ರೆಯ ಶವಾಗಾರದ ಎದುರು ನಾಲ್ಕಾರು ಜನ ಒಂದೇ ಮಾತು ಹೇಳಿದರು: "ಮದುವೆಯಾಗಿ ಏಳು ವರ್ಷ ಆಗಿಲ್ಲ ತಾನೇ? ಹಾಗಾದ್ರೆ ಬಿಡಿ, ತಾನು ತಪ್ಪು ಮಾಡಿಲ್ಲ ಅಂತ ಗಂಡನೇ ತೋರಿಸ್ಬೇಕು." ಈ ಮಾತು ಅರ್ಧ ಸತ್ಯ. ಉಳಿದರ್ಧ ನಮಗೆ ತಿಳಿದದ್ದು ಪಾಟಿ ಸವಾಲಿನ ಹೊತ್ತಿಗೆ.

ವರದಕ್ಷಿಣೆ ಸಾವಿಗೆ ಶಿಕ್ಷೆ ಹೇಳುವ ಭಾರತೀಯ ದಂಡ ಸಂಹಿತೆಯ 304-ಬಿ ಕಲಂ ಮತ್ತು ಸಾಕ್ಷ್ಯ ಅಧಿನಿಯಮದ 113-ಬಿ ಕಲಂ, ಎರಡೂ 1986ರಲ್ಲಿ ಬಂದ ಜೋಡಿ. 113-ಬಿ ಹೇಳುವ ಪ್ರಕಾರ, ವರದಕ್ಷಿಣೆ ಸಾವಿಗೆ ಕಿರುಕುಳ ಕೊಟ್ಟ ವ್ಯಕ್ತಿಯೇ ಕಾರಣ ಎಂದು ನ್ಯಾಯಾಲಯ ಭಾವಿಸತಕ್ಕದ್ದು. ಭಾವಿಸಬಹುದು ಎಂದಲ್ಲ, ಭಾವಿಸಲೇಬೇಕು. ಇದಕ್ಕೆ ವಕೀಲರು ಪೂರ್ವಾನುಮಾನ ಅನ್ನುತ್ತಾರೆ. ಆದರೆ ಆ ಬಾಗಿಲು ತೆರೆಯುವ ಮೊದಲು ಸರ್ಕಾರದ ಪರವಾಗಿ ಕೆಲವು ಸಂಗತಿಗಳು ಸಾಬೀತಾಗಬೇಕು. ಸಾವು ಮದುವೆಯಾದ ಏಳು ವರ್ಷದೊಳಗೆ ಆಗಿರಬೇಕು, ಸಹಜ ಸಾವಾಗಿರಬಾರದು. ಗಂಡ ಅಥವಾ ಅವನ ಸಂಬಂಧಿಕರು ಅವಳಿಗೆ ಕ್ರೌರ್ಯ ಅಥವಾ ಕಿರುಕುಳ ಕೊಟ್ಟಿರಬೇಕು, ಆ ಕಿರುಕುಳ ವರದಕ್ಷಿಣೆಯ ಬೇಡಿಕೆಗೆ ಸಂಬಂಧಿಸಿರಬೇಕು. ಜೊತೆಗೆ ಅದು ಸಾವಿಗೆ "ಸ್ವಲ್ಪ ಮುಂಚೆ" ನಡೆದಿರಬೇಕು. ಏಳು ವರ್ಷ ಮತ್ತು ಅಸಹಜ ಸಾವು ಎರಡೂ ಕಾಗದದಲ್ಲಿ ಸಿಗುತ್ತವೆ. ಕೇಸುಗಳು ಬೀಳುವುದು ಉಳಿದದ್ದರಲ್ಲಿ. ಇವೆಲ್ಲ ಸಾಬೀತಾಗುವವರೆಗೆ ಗಂಡ ಬಾಯಿ ತೆರೆಯಬೇಕಾಗಿಲ್ಲ.

(2024ರ ಜುಲೈ 1ರಿಂದೀಚೆಗೆ ನಡೆದ ಸಾವಾದರೆ ಕಲಂ ಸಂಖ್ಯೆ ಬೇರೆ. ವರದಕ್ಷಿಣೆ ಸಾವು ಭಾರತೀಯ ನ್ಯಾಯ ಸಂಹಿತೆಯ 80, ಕ್ರೌರ್ಯ 85, ಪೂರ್ವಾನುಮಾನ ಹೊಸ ಸಾಕ್ಷ್ಯ ಕಾನೂನಿನ 118. ತಿರುಳು ಬದಲಾಗಿಲ್ಲ. ನಮ್ಮದು ಹಳೆಯ ಸಾವಾದ್ದರಿಂದ ಕೊನೆಯವರೆಗೂ ಹಳೆಯ ಸಂಖ್ಯೆಗಳಲ್ಲೇ ನಡೆಯಿತು.)

ಸಾವಾದ ಮಧ್ಯಾಹ್ನ ಠಾಣೆಯಲ್ಲಿ ಮೊದಲು ದಾಖಲಾಗಿದ್ದು ಯುಡಿಆರ್, ಅಂದರೆ ಅಸ್ವಾಭಾವಿಕ ಮರಣ ವರದಿ. ಅದನ್ನು ಬರೆಸಿದ್ದು ಗಂಡನ ಅಣ್ಣ, ಕಾರಣ ಅಂತ ಕೊಟ್ಟಿದ್ದು "ಹೊಟ್ಟೆನೋವು ತಾಳಲಾರದೆ". ಏಳು ವರ್ಷದೊಳಗಿನ ಸಾವಾದ್ದರಿಂದ ಶವ ಪಂಚನಾಮೆ ಮಾಡಲು ತಹಶೀಲ್ದಾರರು ಬಂದರು. ಪಂಚನಾಮೆಯ ಜೊತೆಗೇ ಭಾವನ ಹೇಳಿಕೆ ಪಡೆದರು. ಮಗಳ ಹೆಣದ ಪಕ್ಕ ನಿಂತ ಅಪ್ಪ ಏನು ಹೇಳಿಯಾನು? "ನನ್ನ ಮಗಳ ಸಾವಿನಲ್ಲಿ ಅನುಮಾನವಿದೆ, ಕಾನೂನು ಕ್ರಮ ಜರುಗಿಸಬೇಕು" ಎಂಬ ಎರಡು ಸಾಲಿಗೆ ಸಹಿ ಹಾಕಿದರು. ದುಡ್ಡಿನ ಮಾತೇ ಅದರಲ್ಲಿ ಇರಲಿಲ್ಲ. ಮೂರೂವರೆ ವರ್ಷ ಕಳೆದ ಮೇಲೆ ಆರೋಪಿ ಪರ ವಕೀಲರು ಆ ಹಾಳೆ ಎತ್ತಿ ಹಿಡಿದು ಅರ್ಧ ಗಂಟೆ ಅದರ ಮೇಲೇ ಪ್ರಶ್ನೆ ಕೇಳಿದರು: ವರದಕ್ಷಿಣೆ ಕಿರುಕುಳ ನಿಜವಾಗಿದ್ದರೆ ತಹಶೀಲ್ದಾರರ ಎದುರು ಯಾಕೆ ಹೇಳಲಿಲ್ಲ?

ನಮ್ಮನ್ನು ಉಳಿಸಿದ್ದು ಅದೇ ರಾತ್ರಿ ಒಂಬತ್ತೂವರೆಗೆ ಕೊಟ್ಟ ಫಿರ್ಯಾದು. ಠಾಣೆಯ ರೈಟರ್ ತಮ್ಮ ರೂಢಿಯಂತೆ "ಮಾನಸಿಕ ಮತ್ತು ದೈಹಿಕ ಹಿಂಸೆ ನೀಡುತ್ತಾ ಬಂದಿದ್ದು" ಎಂದು ಬರೆಯತೊಡಗಿದಾಗ, ಜೊತೆಗಿದ್ದ ನಿವೃತ್ತ ಮೇಷ್ಟರೊಬ್ಬರು ತಡೆದು, "ಸ್ವಾಮಿ, ನಾವೇ ಬರ್ಕೊಂಡು ಬರ್ತೀವಿ" ಅಂದರು. ಹೊರಗೆ ಬೆಂಚಿನ ಮೇಲೆ ಕೂತು ಅಕ್ಕ, ಭಾವ, ನಾನು ಹೇಳಿದ್ದನ್ನೆಲ್ಲ ತಾರೀಖು ಸಮೇತ ಎರಡೂವರೆ ಪುಟ ಬರೆದರು. ಮದುವೆ 2014ರ ಮೇ ತಿಂಗಳಲ್ಲಿ. ವರೋಪಚಾರ ಅಂತ 2 ಲಕ್ಷ ನಗದು, 80 ಗ್ರಾಂ ಚಿನ್ನ. ಅಳಿಯ 2016ರಲ್ಲಿ ಸರಕು ಸಾಗಿಸುವ ಗಾಡಿ ಕೊಳ್ಳಲು 3 ಲಕ್ಷ ಕೇಳಿದ, ಅದರಲ್ಲಿ 1 ಲಕ್ಷ ಬ್ಯಾಂಕ್ ಮೂಲಕ ಹೋಯಿತು. ಉಳಿದ 2 ಲಕ್ಷಕ್ಕಾಗಿ ಹೊಡೆದು ತವರಿಗೆ ಕಳಿಸಿದ. 2018ರ ಜುಲೈನಲ್ಲಿ ಊರಿನವರು ಪಂಚಾಯಿತಿ ಮಾಡಿ ವಾಪಸ್ ಕಳಿಸಿದರು. ದೀಪಾವಳಿಗೆ ಬಂದಾಗ ಅದೇ 2 ಲಕ್ಷದ ಮಾತು ಮತ್ತೆ ಎದ್ದಿತು. ಸಾವಿಗೆ ನಾಲ್ಕು ದಿನ ಮುಂಚೆ ಅಮ್ಮನಿಗೆ ಫೋನ್ ಬಂದಿತ್ತು.

ಆ ರಾತ್ರಿ ಈ ಎರಡೂವರೆ ಪುಟಕ್ಕೆ ಎಷ್ಟು ಬೆಲೆ ಎಂದು ನಮಗೆ ಗೊತ್ತಿರಲಿಲ್ಲ. ಕೋರ್ಟಿನಲ್ಲಿ ಸಾಕ್ಷಿ ಏನು ಹೇಳಿದರೂ ಅದನ್ನು ಮೊದಲ ಕಾಗದದ ಪಕ್ಕ ಇಟ್ಟು ನೋಡುತ್ತಾರೆ. ಮೊದಲ ಕಾಗದದಲ್ಲಿ ಇಲ್ಲದ ದೊಡ್ಡ ಸಂಗತಿ ಸಾಕ್ಷಿಕಟ್ಟೆಯಲ್ಲಿ ಹೊಸದಾಗಿ ಬಂದರೆ, ಆಮೇಲೆ ಹೆಣೆದು ಸೇರಿಸಿದ್ದು ಎಂದು ತಳ್ಳಿಹಾಕುತ್ತಾರೆ. ಆದ್ದರಿಂದ ಬರೆಯುವವರು ಯಾರೇ ಆಗಲಿ, ಯಾರು, ಯಾವಾಗ, ಎಷ್ಟು ಕೇಳಿದರು, ಯಾವ ಮಾತಿನಲ್ಲಿ ಕೇಳಿದರು, ಕೊಡದಿದ್ದಾಗ ಏನು ಮಾಡಿದರು ಎನ್ನುವುದು ಕಾಗದಕ್ಕೆ ಬರಬೇಕು. ನೆನಪಿಲ್ಲದ ತಾರೀಖನ್ನು ಊಹಿಸಿ ಬರೆಸಬೇಡಿ. "ಶ್ರಾವಣ ಕಳೆದ ಮೇಲೆ" ಅಂದರೂ ನಡೆಯುತ್ತದೆ. ತಪ್ಪು ತಾರೀಖು ಕೊಟ್ಟರೆ ಅದೇ ಮುಳುವಾಗುತ್ತದೆ.

ಇನ್ನೊಂದು ಭಯ ಆ ಬೆಂಚಿನ ಮೇಲೆಯೇ ಎದ್ದಿತ್ತು. ವರದಕ್ಷಿಣೆ ಕೊಡುವುದೂ ಅಪರಾಧವಲ್ಲವೇ, ಕೊಟ್ಟೆವೆಂದು ಬರೆದರೆ ನಮ್ಮ ಮೇಲೇ ಕೇಸಾದೀತೇ ಎಂದು ಭಾವ ವರೋಪಚಾರದ 2 ಲಕ್ಷದ ಮಾತು ಬಿಟ್ಟುಬಿಡೋಣ ಅಂದಿದ್ದರು. ಕೊಡುವುದು ಅಪರಾಧವೇ ಹೌದು. ಆದರೆ ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರನ್ನೇ ಆರೋಪಿ ಮಾಡುವಂತಿಲ್ಲ ಎಂದು ವರದಕ್ಷಿಣೆ ನಿಷೇಧ ಕಾಯ್ದೆಯ 7ನೇ ಕಲಂ ರಕ್ಷಣೆ ಕೊಡುತ್ತದೆ. ಆ ಮೊತ್ತ ಬಿಟ್ಟಿದ್ದರೆ 2016ರ 1 ಲಕ್ಷಕ್ಕೆ ಬುಡವೇ ಇರುತ್ತಿರಲಿಲ್ಲ.

ಮರಣೋತ್ತರ ಪರೀಕ್ಷೆಯ ವರದಿ ನೇಣಿನಿಂದ ಸಾವು, ಬೇರೆ ಗಾಯಗಳಿಲ್ಲ ಎಂದಿತು. ಅದನ್ನು ಹಿಡಿದು ಠಾಣೆಯಲ್ಲೇ ಒಬ್ಬರು "ಆತ್ಮಹತ್ಯೆ ಅಲ್ವಾ, 304-ಬಿ ಹೇಗೆ ಬರುತ್ತೆ" ಎಂದು ಕೇಳಿದರು. ಬರುತ್ತದೆ. ಕಲಂನಲ್ಲಿ ಸುಟ್ಟ ಗಾಯ, ದೇಹದ ಗಾಯದ ಜೊತೆಗೆ "ಸಹಜವಲ್ಲದ ಸಂದರ್ಭದಲ್ಲಿ" ಎಂಬ ಮಾತಿದೆ. ಕೊಲೆಯೋ ಆತ್ಮಹತ್ಯೆಯೋ ಎಂದು ವಿಂಗಡಿಸಿ ಕೂರಬೇಕಾಗಿಲ್ಲ ಎಂದು 2021ರಲ್ಲಿ ಸತ್ಬೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ. ಡಿವೈಎಸ್ಪಿ ತನಿಖೆ ನಡೆಸಿ 90 ದಿನದೊಳಗೆ ಚಾರ್ಜ್‌ಶೀಟ್ ಹಾಕಿದರು. ಆರೋಪಿಗಳು ಮೂವರು: ಗಂಡ, ಅತ್ತೆ, ಬೇರೆ ಊರಿನಲ್ಲಿ ಕೆಲಸದಲ್ಲಿದ್ದ ಭಾವಮೈದುನ. ಆಮೇಲೆ ಕೋವಿಡ್. ನಮ್ಮ ಸಾಕ್ಷಿ ವಿಚಾರಣೆ ಶುರುವಾಗುವಾಗ 2022.

ಏಳು ವರ್ಷದ ಲೆಕ್ಕ ಮೊದಲ ದಿನವೇ ಮುಗಿಯಿತು. ಮದುವೆ ನೋಂದಣಿ ಆಗಿರಲಿಲ್ಲ. ಲಗ್ನಪತ್ರಿಕೆ, ಕಲ್ಯಾಣ ಮಂಟಪದ ರಸೀದಿ, ಎರಡು ಫೋಟೊ ಸಾಕಾದವು, ಎದುರು ಪಕ್ಷದವರೂ ತಕರಾರು ತೆಗೆಯಲಿಲ್ಲ. ನಿಜವಾದ ಜಗ್ಗಾಟ ನಡೆದದ್ದು "ಸ್ವಲ್ಪ ಮುಂಚೆ" ಎಂಬ ಎರಡು ಪದಗಳ ಮೇಲೆ.

ಅದು ಎಷ್ಟು ದಿನ? ಕಾನೂನಿನಲ್ಲಿ ಸಂಖ್ಯೆ ಇಲ್ಲ. "ಸ್ವಲ್ಪ ಮುಂಚೆ" ಎಂದರೆ "ಆ ಕ್ಷಣಕ್ಕೆ ಮುಂಚೆ" ಎಂದು ಅರ್ಥವಲ್ಲ, ಕಿರುಕುಳಕ್ಕೂ ಸಾವಿಗೂ ಹತ್ತಿರದ, ಜೀವಂತ ಕೊಂಡಿ ಇರಬೇಕು ಎಂದು 2000ದ ಕನ್ಸ್ ರಾಜ್ ಪ್ರಕರಣದಿಂದ ಸತ್ಬೀರ್ ಸಿಂಗ್‌ವರೆಗೆ ಸುಪ್ರೀಂ ಕೋರ್ಟ್ ಹೇಳುತ್ತಲೇ ಬಂದಿದೆ. ಹಳೆಯ ಜಗಳ ರಾಜಿಯಾಗಿ, ಆಮೇಲೆ ಇಬ್ಬರೂ ಚೆನ್ನಾಗಿದ್ದರು ಎಂದು ತೋರಿದರೆ ಕೊಂಡಿ ಹರಿಯುತ್ತದೆ. ನಮ್ಮ ಎದುರು ಪಕ್ಷದ ವಾದವೂ ಇದೇ. "ಜುಲೈನಲ್ಲಿ ಪಂಚಾಯಿತಿ ಆಯ್ತು, ಮುಚ್ಚಳಿಕೆ ಬರೆದುಕೊಟ್ಟರು, ಹುಡುಗಿ ನಗುನಗುತ್ತಾ ಹೋದಳು, ನಾಲ್ಕು ತಿಂಗಳು ಏನೂ ಇಲ್ಲ" ಎಂದರು. ದೀಪಾವಳಿಯಲ್ಲಿ ತೆಗೆದ ನಗುಮುಖದ ಫೋಟೊ ಕೂಡ ಹಾಜರುಪಡಿಸಿದರು.

ಆ ಮುಚ್ಚಳಿಕೆ ಒಂದು ಹಾಳೆಯ ಕಾಗದ, ಛಾಪಾ ಕಾಗದವೂ ಅಲ್ಲ. ಅದರ ನಾಲ್ಕನೇ ಸಾಲು: "ಇನ್ನು ಮುಂದೆ ಹಣದ ವಿಷಯವಾಗಿ ಹೆಂಡತಿಗೆ ತೊಂದರೆ ಕೊಡುವುದಿಲ್ಲ." ಕೆಳಗೆ ಗಂಡನ ಸಹಿ, ಅತ್ತೆಯ ಹೆಬ್ಬೆಟ್ಟು, ಇಬ್ಬರು ಪಂಚರ ಸಹಿ. ನಾವು ಅದನ್ನು ರಾಜಿಯ ಕಾಗದ ಎಂದುಕೊಂಡು ಅಂಜಿದ್ದೆವು. ಸರ್ಕಾರಿ ವಕೀಲರು ಅದನ್ನೇ ಕ್ರೌರ್ಯದ ಲಿಖಿತ ಒಪ್ಪಿಗೆ ಎಂದು ವಾದಿಸಿದರು: ತೊಂದರೆ ಕೊಟ್ಟಿರದಿದ್ದರೆ "ಇನ್ನು ಮುಂದೆ" ಎಂಬ ಮಾತೇಕೆ? ಪಂಚರಲ್ಲಿ ಒಬ್ಬರು ಪ್ರತಿಕೂಲ ಸಾಕ್ಷಿಯಾದರು, ಮತ್ತೊಬ್ಬರು ನಿಂತರು. ಒಬ್ಬರು ನಿಂತಿದ್ದೇ ಸಾಕಾಯಿತು. ಪಂಚಾಯಿತಿಯ ಕಾಗದದ ಮೂಲ ಪ್ರತಿ ಊರಿನ ಯಾರದೋ ಟ್ರಂಕಿನಲ್ಲಿ ಇರುತ್ತದೆ. ಮೊದಲ ವಾರದಲ್ಲೇ ಹುಡುಕಿ ತನಿಖಾಧಿಕಾರಿಗೆ ಕೊಟ್ಟು, ಜಪ್ತಿ ಮಹಜರಿನಲ್ಲಿ ಬರೆಸಿ.

ಜುಲೈನಿಂದ ನವೆಂಬರ್‌ವರೆಗಿನ ಖಾಲಿ ಜಾಗ ತುಂಬಿದ್ದು ಎರಡು ವಸ್ತು. ಒಂದು, ಆಗಸ್ಟ್‌ನಲ್ಲಿ ಗಂಡನ ಹೆಸರಿನಲ್ಲಿ ಅವಳ 34 ಗ್ರಾಂ ಚಿನ್ನ ಅಡವಿಟ್ಟ ಚೀಟಿ. ಮತ್ತೊಂದು, ನವೆಂಬರ್ 17ರ ರಾತ್ರಿ ಅವಳು ಗೆಳತಿಗೆ ವಾಟ್ಸಾಪಿನಲ್ಲಿ ಕಳಿಸಿದ 48 ಸೆಕೆಂಡಿನ ಧ್ವನಿ: "ಎರಡು ಲಕ್ಷ ತಂದ್ರೇನೇ ಮನೆ ಅಂತಾನೆ, ಅಪ್ಪನ ಹತ್ರ ಎಲ್ಲಿದೆ ಹೇಳು, ನಿನ್ನೆನೂ ಹೊಡ್ದ." ಸತ್ತವಳು ಸಾಕ್ಷಿ ಹೇಳಲಾರಳು, ಇದು ಕೇಳಿದ ಮಾತಷ್ಟೇ ಎಂದು ಆಕ್ಷೇಪ ಬಂತು. ಆದರೆ ಸಾವಿನ ಕಾರಣವೇ ಪ್ರಶ್ನೆಯಾಗಿರುವ ಕೇಸಿನಲ್ಲಿ, ಸಾವಿಗೆ ಒಯ್ದ ಸಂದರ್ಭಗಳ ಬಗ್ಗೆ ಸತ್ತವರು ಆಡಿದ, ಬರೆದ ಮಾತು ಸಾಕ್ಷ್ಯವಾಗುತ್ತದೆ. ಹಳೆಯ ಕಾನೂನಿನ 32(1), ಹೊಸದರಲ್ಲಿ 26ನೇ ಕಲಂ. ಮಾತಾಡುವಾಗ ಅವರು ಸಾವಿನ ಹಾಸಿಗೆಯಲ್ಲೇ ಇರಬೇಕಿಲ್ಲ ಎಂಬುದು 1984ರ ಶರದ್ ಸಾರ್ದಾ ತೀರ್ಪಿನಿಂದ ಇತ್ಯರ್ಥವಾದ ವಿಷಯ.

ಆ ಧ್ವನಿ ಬಹುತೇಕ ಕೈತಪ್ಪಿತ್ತು. ತನಿಖೆಯಲ್ಲಿ ಅದನ್ನು ಸಿಡಿಗೆ ಇಳಿಸಿದ್ದರು, ಎಲೆಕ್ಟ್ರಾನಿಕ್ ನಕಲನ್ನು ದೃಢೀಕರಿಸುವ 65-ಬಿ ಪ್ರಮಾಣಪತ್ರ ಲಗತ್ತಿಸಿರಲಿಲ್ಲ. ಪ್ರಮಾಣಪತ್ರ ಇಲ್ಲದ ನಕಲು ನಡೆಯದು ಎಂದು 2020ರ ಅರ್ಜುನ್ ಪಂಡಿತರಾವ್ ತೀರ್ಪು ಖಡಾಖಂಡಿತವಾಗಿ ಹೇಳುತ್ತದೆ. ಮೂಲ ಸಾಧನವನ್ನೇ ಅದರ ಮಾಲೀಕರು ಕಟ್ಟೆಗೆ ತಂದರೆ ಪ್ರಮಾಣಪತ್ರ ಬೇಡ ಎಂದೂ ಅದೇ ತೀರ್ಪಿನಲ್ಲಿದೆ. ಗೆಳತಿ ಹೊಸ ಫೋನ್ ಕೊಂಡಿದ್ದರೂ ಪರದೆ ಒಡೆದ ಹಳೆಯ ಫೋನನ್ನು ಬೀರುವಿನಲ್ಲಿ ಇಟ್ಟಿದ್ದಳು. ಚಾರ್ಜ್ ಮಾಡಿ ಕೋರ್ಟಿಗೆ ತಂದಳು. ಎಲ್ಲರೆದುರು ಅದನ್ನು ಕೇಳಿಸಿದಾಗ ಅಕ್ಕ ಎದ್ದು ಹೊರಗೆ ಹೋದಳು. ಈಗಿನ ಕಾನೂನಿನಲ್ಲಿ ಪ್ರಮಾಣಪತ್ರಕ್ಕೆ ಎರಡು ಭಾಗ, ಒಂದು ಸಾಧನ ಯಾರ ವಶದಲ್ಲಿದೆಯೋ ಅವರದು, ಇನ್ನೊಂದು ತಜ್ಞರದು. ಫೋನ್ ಮಾರಬೇಡಿ, ರಿಸೆಟ್ ಮಾಡಬೇಡಿ, ಸಂದೇಶವನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿದ್ದೇ ಸಾಕು ಎಂದುಕೊಳ್ಳಬೇಡಿ. ಕರೆಗಳ ವಿವರ ತರಿಸಿಕೊಳ್ಳಲು ತನಿಖಾಧಿಕಾರಿಗೆ ಬೇಗ ಅರ್ಜಿ ಕೊಡಿ, ಕಂಪನಿಗಳು ಅದನ್ನು ಕಾಯಂ ಆಗಿ ಇಟ್ಟಿರುವುದಿಲ್ಲ.

ಅಕ್ಕನ ಪಾಟಿ ಸವಾಲು ಎರಡು ತಾರೀಖು ನಡೆಯಿತು. ನಾವು ಎಡವಿದ್ದು ಅಲ್ಲಿ. ನವೆಂಬರ್ 16ರ ಫೋನಿನಲ್ಲಿ ಮಗಳು "ದುಡ್ಡಿಗಾಗಿ ಗಂಡ ಹೊಡೆದ" ಅಂದಳು ಎನ್ನುವುದು ಅಕ್ಕನ ಪೊಲೀಸ್ ಹೇಳಿಕೆಯಲ್ಲೂ ಇತ್ತು, ಹನ್ನೊಂದು ನಿಮಿಷ ಮಾತಾಡಿದ್ದು ಕರೆ ದಾಖಲೆಯಲ್ಲೂ ಇತ್ತು. ಆದರೆ ಕಟ್ಟೆಯಲ್ಲಿ ಅಕ್ಕ "ಅತ್ತೆನೂ ಕೂದ್ಲು ಹಿಡ್ದು ಎಳೆದ್ಲು" ಎಂದು ಸೇರಿಸಿದಳು. ವಕೀಲರು ತಾಳ್ಮೆಯಿಂದ ಕೇಳಿದರು: "ಈ ಮಾತು ಪೊಲೀಸರಿಗೆ ಹೇಳಿದ್ರಾಮ್ಮ?" "ಹೇಳಿದ್ದೆ." ಕೊನೆಯಲ್ಲಿ ತನಿಖಾಧಿಕಾರಿಯನ್ನು ಕರೆದು ಅದೇ ಪ್ರಶ್ನೆ ಹಾಕಿದರು. "ಹಾಗೆ ನನ್ನ ಮುಂದೆ ಹೇಳಿರುವುದಿಲ್ಲ." ಅಷ್ಟೇ, ಆ ಸಾಲು ಹೋಯಿತು. ಅದರೊಂದಿಗೆ ಸಾವಿಗೆ ಮುಂಚಿನ ದಿನಗಳಲ್ಲಿ ಅತ್ತೆಯ ಪಾತ್ರ ತೋರುವ ಏಕೈಕ ಸಾಕ್ಷ್ಯವೂ ಹೋಯಿತು. ಅಕ್ಕ ಸುಳ್ಳು ಹೇಳಿದಳು ಎಂದು ನಾನು ಇಂದಿಗೂ ನಂಬಲಾರೆ. ಹೇಳಿಕೆ ಬರೆಯುವ ದಿನ ಅದು ಬಾಯಿಗೆ ಬಂದಿರಲಿಕ್ಕಿಲ್ಲ, ಬಂದಿದ್ದರೂ ಬರೆದವರು ಬಿಟ್ಟಿರಬಹುದು. ಪೊಲೀಸರು ಹೇಳಿಕೆ ಪಡೆದ ಮೇಲೆ ಓದಿ ಹೇಳಿಸಿಕೊಳ್ಳಿ. ಬಿಟ್ಟುಹೋದದ್ದು ನೆನಪಾದರೆ ಚಾರ್ಜ್‌ಶೀಟಿಗೆ ಮುಂಚೆ ಪೂರಕ ಹೇಳಿಕೆ ಕೊಡಿ.

ಅಕ್ಕಪಕ್ಕದ ಮನೆಯ ಮೂವರು "ನಮಗೇನೂ ಗೊತ್ತಿಲ್ಲ" ಅಂದುಬಿಟ್ಟರು. ಅದಕ್ಕೆ ತೀರಾ ಕಂಗೆಡಬೇಕಿಲ್ಲ. ನಾಲ್ಕು ಗೋಡೆಯ ನಡುವಿನ ಹಿಂಸೆಗೆ ತವರಿನವರೇ ಸಹಜ ಸಾಕ್ಷಿಗಳು, ಸಂಬಂಧಿಕರೆಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ ಎಂದು ನ್ಯಾಯಾಧೀಶರು ತೀರ್ಪಿನಲ್ಲಿ ಬರೆದರು.

ಸರ್ಕಾರದ ಸಾಕ್ಷ್ಯ ಮುಗಿದ ಮೇಲೆ 313ರ ಹೇಳಿಕೆ, ಅಂದರೆ ವಿರುದ್ಧ ಬಂದ ಒಂದೊಂದು ಅಂಶವನ್ನೂ ಆರೋಪಿಯ ಮುಂದಿಟ್ಟು ನ್ಯಾಯಾಧೀಶರೇ ಪ್ರಶ್ನೆ ಕೇಳುವ ಹಂತ. ಇದನ್ನು ಶಾಸ್ತ್ರಕ್ಕೆಂದು ಮುಗಿಸಬಾರದು ಎಂದು ಸತ್ಬೀರ್ ಸಿಂಗ್ ತೀರ್ಪು ಎಚ್ಚರಿಸಿದೆ. ಒಂದು ಮುಖ್ಯ ಸಂಗತಿಯನ್ನು ಕೇಳದೆ ಬಿಟ್ಟರೆ ಮೇಲ್ಮನವಿಯಲ್ಲಿ ಆರೋಪಿಗೇ ಅನುಕೂಲ. ಅವತ್ತು ನಮ್ಮ ಪರ ಹಾಕಿಕೊಂಡಿದ್ದ ಖಾಸಗಿ ವಕೀಲರು ಧ್ವನಿ ಸಂದೇಶದ ಪ್ರಶ್ನೆ ಪಟ್ಟಿಯಲ್ಲಿ ಇಲ್ಲದ್ದನ್ನು ಗಮನಿಸಿ ಸರ್ಕಾರಿ ವಕೀಲರ ಗಮನಕ್ಕೆ ತಂದರು. ಸರ್ಕಾರಿ ವಕೀಲರಿಗೆ ನಾವು ಫೀಸು ಕೊಡಬೇಕಿಲ್ಲ. ಅವರಿಗೆ ನೆರವಾಗಲು ಕೋರ್ಟಿನ ಅನುಮತಿ ಪಡೆದು ನಮ್ಮ ವಕೀಲರನ್ನು ಇಟ್ಟುಕೊಳ್ಳಬಹುದು. ನಮಗೆ ಒಟ್ಟು 60 ಸಾವಿರ ಹಿಡಿಯಿತು. ಜೆರಾಕ್ಸ್, ಬಸ್ಸು, ತಪ್ಪಿಹೋದ ಕೂಲಿ ಲೆಕ್ಕ ಹಾಕಿದರೆ ಅದಕ್ಕಿಂತ ಹೆಚ್ಚು.

ಈ ಹೊತ್ತಿಗೆ ಪೂರ್ವಾನುಮಾನದ ಬಾಗಿಲು ತೆರೆದಿತ್ತು, ಭಾರ ಗಂಡನ ಮೇಲೆ ಬಿದ್ದಿತ್ತು. ಸಂಶಯಾತೀತವಾಗಿ ಸಾಬೀತು ಮಾಡುವಷ್ಟಲ್ಲ, ಹೆಚ್ಚು ಸಂಭವ ಯಾವುದು ಎಂದು ತೋರಿಸುವಷ್ಟು ಭಾರ. ಅವನು ಎರಡು ದಾರಿ ಹಿಡಿದ. ಮಕ್ಕಳಾಗಲಿಲ್ಲವೆಂದು ಅವಳು ಖಿನ್ನಳಾಗಿದ್ದಳು ಎಂದು ಆಸ್ಪತ್ರೆಯ ಚೀಟಿ ತಂದ. ಚೀಟಿಯ ತಾರೀಖು 2015, ಬರೆದಿದ್ದು ರಕ್ತಹೀನತೆಗೆ ಮಾತ್ರೆ. ಗಾಡಿಯ ದುಡ್ಡು ಕೈಗಡ, ವರದಕ್ಷಿಣೆಯಲ್ಲ ಎನ್ನುವುದು ಇನ್ನೊಂದು ದಾರಿ. ಇದಕ್ಕೆ ಒಂದು ಕಾಲದಲ್ಲಿ ಬಲವಿತ್ತು. ಮನೆಖರ್ಚಿಗೆ, ಗೊಬ್ಬರಕ್ಕೆ ಕೇಳಿದ ದುಡ್ಡು ವರದಕ್ಷಿಣೆಯಲ್ಲ ಎಂದು 2007ರ ಅಪ್ಪಾಸಾಹೇಬ್ ತೀರ್ಪು ಹೇಳಿತ್ತು. 2015ರ ರಾಜಿಂದರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಒಪ್ಪಲಿಲ್ಲ. ಮದುವೆಯ ನಂತರ ಯಾವ ಹೊತ್ತಿನಲ್ಲಿ ಕೇಳಿದ ಹಣವಾದರೂ ಮದುವೆಯ ನಂಟಿಗೆ ತಳುಕು ಹಾಕಿಕೊಂಡಿದ್ದರೆ ಅದು ವರದಕ್ಷಿಣೆಯೇ. ಕೈಗಡವಾದರೆ ಒಂದು ಪೈಸೆಯಾದರೂ ಹಿಂದಿರುಗಿಸಿದ ದಾಖಲೆ ಎಲ್ಲಿ ಎಂದು ನ್ಯಾಯಾಧೀಶರು ಕೇಳಿದರು. ಇರಲಿಲ್ಲ.

ಗಂಡನಿಗೆ 304-ಬಿ ಅಡಿ 8 ವರ್ಷ. ಕನಿಷ್ಠ 7, ಗರಿಷ್ಠ ಜೀವಾವಧಿ. ಅತ್ತೆಗೆ 304-ಬಿ ನಿಲ್ಲಲಿಲ್ಲ. ಸಾವಿಗೆ ಸ್ವಲ್ಪ ಮುಂಚೆ ಆಕೆ ಏನು ಮಾಡಿದಳೆಂಬುದಕ್ಕೆ ನಂಬಲರ್ಹ ಸಾಕ್ಷ್ಯವಿಲ್ಲ ಎಂದಾಯಿತು. ಮುಚ್ಚಳಿಕೆಯಲ್ಲಿ ಹೆಬ್ಬೆಟ್ಟು ಇದ್ದುದರಿಂದ ಜುಲೈಗೆ ಹಿಂದಿನ ಕಿರುಕುಳಕ್ಕಾಗಿ ಕ್ರೌರ್ಯದ ಕಲಂ 498-ಎ ಮಾತ್ರ ಉಳಿದು 2 ವರ್ಷ ಆಯಿತು. ಆ ಕಲಂಗೆ "ಸ್ವಲ್ಪ ಮುಂಚೆ" ಎಂಬ ಕಟ್ಟು ಇಲ್ಲ. ಭಾವಮೈದುನ ಖುಲಾಸೆ. ಫಿರ್ಯಾದಿನಲ್ಲಿ ಅವನ ಬಗ್ಗೆ ಇದ್ದದ್ದು "ಇವನೂ ಕುಮ್ಮಕ್ಕು ಕೊಟ್ಟಿದ್ದಾನೆ" ಎಂಬ ಒಂದು ಸಾಲು, ಅದೂ ಆ ರಾತ್ರಿಯ ಸಿಟ್ಟಿನಲ್ಲಿ ಸೇರಿಸಿದ್ದು. ಗಂಡನ ಕಡೆಯವರನ್ನೆಲ್ಲ ಎಳೆದು ತರುವ ಪ್ರವೃತ್ತಿ ನಿಜವಾದ ಅಪರಾಧಿಯ ವಿರುದ್ಧದ ಕೇಸನ್ನೂ ದುರ್ಬಲಗೊಳಿಸುತ್ತದೆ ಎಂದು ಕನ್ಸ್ ರಾಜ್ ತೀರ್ಪಿನಲ್ಲೇ ಇದೆ. ಅವನ ಹೆಸರು ಸೇರಿಸಿದ್ದು ನಮ್ಮದೇ ತಪ್ಪು.

ಗಂಡ ಹೈಕೋರ್ಟಿಗೆ ಹೋಗಿದ್ದಾನೆ, ಶಿಕ್ಷೆ ಅಮಾನತಿನಲ್ಲಿಡುವ ಅರ್ಜಿ ಬಾಕಿಯಿದೆ. ಅತ್ತೆಯ ಭಾಗಶಃ ಖುಲಾಸೆಯ ವಿರುದ್ಧ ಮೇಲ್ಮನವಿ ಸಲ್ಲಿಸಲು ನಮಗೂ ಹಕ್ಕಿದೆ, ಇನ್ನೂ ನಿರ್ಧರಿಸಿಲ್ಲ.

ಉಳಿದದ್ದು ಚಿನ್ನ. ಏಳು ವರ್ಷದೊಳಗೆ ಹೆಂಗಸು ಅಸಹಜವಾಗಿ ತೀರಿಕೊಂಡರೆ ಅವಳ ಮದುವೆಯ ಆಸ್ತಿ ಮಕ್ಕಳಿಗೆ, ಮಕ್ಕಳಿಲ್ಲದಿದ್ದರೆ ತಂದೆತಾಯಿಗೆ ಸೇರಬೇಕೆಂದು ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಂ ಹೇಳುತ್ತದೆ. ಜಪ್ತಿಯಾದ 46 ಗ್ರಾಂಗೆ ಅರ್ಜಿ ಹಾಕಿದ್ದೇವೆ. ಆಭರಣ ಅಂಗಡಿಯ ಹಳೆಯ ಬಿಲ್ಲು, ಮದುವೆ ಫೋಟೊ ಲಗತ್ತಿಸಲು ಹೇಳಿದರು. ಅಡವಿಟ್ಟ 34 ಗ್ರಾಂ ಅಷ್ಟರಲ್ಲಿ ಹರಾಜಾಗಿತ್ತು. ಮುದ್ದೆಮಾಲಿನ ಪಟ್ಟಿ ನೋಡುವಾಗ ಕೊನೆಯ ಸಾಲಿನಲ್ಲಿ ಇನ್ನೊಂದು ವಸ್ತು ಸಿಕ್ಕಿತು. ಶವದ ಮೇಲಿನಿಂದ ತೆಗೆದು ಪಂಚನಾಮೆಯಲ್ಲಿ ಬರೆದ ಮೂಗುಬಟ್ಟು, ತೂಕದ ಜಾಗ ಖಾಲಿ. ಅದನ್ನು ಅರ್ಜಿಗೆ ಸೇರಿಸಬೇಕೆಂದು ಅಕ್ಕ ಹಟ ಹಿಡಿದಳು. ಸೇರಿಸಿದ್ದೇವೆ.